ಷೇರಿಗಿಂತ ಮೊದಲು ಬೆದರಿದ ಬಾಂಡ್

ಕೇಳುಗರೇ, ನಮಸ್ಕಾರ.

2020ರ ಫೆಬ್ರುವರಿ 19. ಅಮೆರಿಕದ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಅವತ್ತು ದಾಖಲೆ ಎತ್ತರ ಮುಟ್ಟಿತ್ತು. ಷೇರಿನ ಚಾರ್ಟ್ ಒಂದನ್ನೇ ನೋಡುತ್ತಿದ್ದವರಿಗೆ ಭಯಪಡಲು ಕಾರಣವೇ ಇರಲಿಲ್ಲ. ಆದರೆ ಅಲ್ಲಿನ 10 ವರ್ಷದ ಸರ್ಕಾರಿ ಬಾಂಡ್ ಬೇರೆ ಕತೆ ಹೇಳುತ್ತಿತ್ತು. ಜನವರಿ ಆರಂಭದಲ್ಲಿ ಸುಮಾರು ಶೇಕಡಾ 1.9 ಇದ್ದ ಅದರ ಯೀಲ್ಡ್, ಅಂದರೆ ಕೊಟ್ಟ ಬೆಲೆಗೆ ವರ್ಷಕ್ಕೆ ಸಿಗುವ ಪ್ರತಿಫಲ, ಅಷ್ಟರಲ್ಲಾಗಲೇ 1.6ರ ಆಸುಪಾಸಿಗೆ ಇಳಿದಿತ್ತು.

ಯೀಲ್ಡ್ ಯಾಕೆ ಇಳಿಯುತ್ತದೆ? ವರ್ಷಕ್ಕೆ 20 ಡಾಲರ್ ಬಡ್ಡಿ ಕೊಡುವ ಬಾಂಡನ್ನು 1000 ಡಾಲರಿಗೆ ಕೊಂಡರೆ ಸಿಗುವುದು ಶೇಕಡಾ 2. ಜನ ಮುಗಿಬಿದ್ದು ಬೆಲೆಯನ್ನು 1100ಕ್ಕೆ ಏರಿಸಿದರೂ ಬಡ್ಡಿ ಅದೇ 20. ಲೆಕ್ಕ ಸುಮಾರು 1.8ಕ್ಕೆ ಇಳಿಯುತ್ತದೆ. ಕಡಿಮೆ ಸಿಕ್ಕರೂ ಪರವಾಗಿಲ್ಲ, ದುಡ್ಡು ಭದ್ರವಾಗಿದ್ದರೆ ಸಾಕು ಅಂತ ಜನ ಯೋಚಿಸುತ್ತಿದ್ದಾರೆ ಅಂತಲೇ ಅಲ್ವಾ ಅದರ ಅರ್ಥ?

ಹಾಗಾಗಿ ಷೇರು ಏರುತ್ತಾ ಯೀಲ್ಡ್ ಇಳಿಯುತ್ತಿದ್ದರೆ ನಾನಂತೂ ಹೊಸದಾಗಿ ಕೊಳ್ಳುವ ಕೈಯನ್ನು ಸ್ವಲ್ಪ ಬಿಗಿಹಿಡಿಯುತ್ತೇನೆ. ಇದ್ದದ್ದನ್ನು ಮಾರಿಬಿಡು ಅನ್ನುವ ಸೂಚನೆಯಲ್ಲ ಅದು. ಇಂಥ ಎಚ್ಚರಿಕೆ ಎಷ್ಟೋ ಸಲ ಸುಮ್ನೆ ಹುಸಿಯಾಗುತ್ತದೆ.

ಮುಂದಿನದು ಇನ್ನೂ ಸ್ವಾರಸ್ಯ. ಕೋವಿಡ್ ಭಯಕ್ಕೆ ಷೇರು ಕುಸಿಯಿತು, ಮಾರ್ಚ್ 9ರಂದು ಯೀಲ್ಡ್ 0.54ಕ್ಕೆ ಬಂತು. ಅಲ್ಲಿಂದ ಮಾರ್ಚ್ 18ರ ಹೊತ್ತಿಗೆ ಅದು ಸುಮಾರು 1.2ಕ್ಕೆ ಜಿಗಿಯಿತು. ಯೀಲ್ಡ್ ಏರಿತು, ಧೈರ್ಯ ಮರಳಿತು ಅಂದುಕೊಂಡವರು ಕೆಟ್ಟರು. ಆ ದಿನಗಳಲ್ಲೂ ಷೇರು ಬೀಳುತ್ತಲೇ ಇತ್ತು. ಕೈಗೆ ನಗದು ಬೇಕಾದವರು ಬಾಂಡನ್ನೂ ಮಾರುತ್ತಿದ್ದರು. ಕೇಂದ್ರ ಬ್ಯಾಂಕ್ ಎಷ್ಟು ಬೇಕಾದರೂ ಬಾಂಡ್ ಕೊಳ್ಳುತ್ತೇನೆ ಅಂತ ಮಾರ್ಚ್ 23ರಂದು ಹೇಳಿತು. ಷೇರು ತಳ ಮುಟ್ಟಿದ್ದೂ ಅದೇ ದಿನ.

2022ರಲ್ಲೂ ಯೀಲ್ಡ್ ಏರಿತು, ಷೇರು ಇಳಿಯಿತು. ಕಾರಣ ಮಾತ್ರ ಬೇರೆ. ಹಣದುಬ್ಬರ ತಡೆಯಲು ಕೇಂದ್ರ ಬ್ಯಾಂಕ್ ಬಡ್ಡಿ ಏರಿಸುತ್ತಿತ್ತು. ವರ್ಷದ ಮೊದಲಿಗೆ 1.6 ಇದ್ದ ಯೀಲ್ಡ್ ಅಕ್ಟೋಬರಿನಲ್ಲಿ 4 ದಾಟಿತು. ಬಾಂಡಿನಲ್ಲೇ ಅಷ್ಟು ಸಿಗುವಾಗ, ಹತ್ತು ವರ್ಷದ ನಂತರ ಬರಬಹುದಾದ ಲಾಭಕ್ಕೆ ಇವತ್ತು ಜಾಸ್ತಿ ಬೆಲೆ ಯಾರು ಕೊಡುತ್ತಾರೆ?

ಯೀಲ್ಡ್ ಇಂಥ ಕಾರಣಕ್ಕೆ ಏರುತ್ತಿದೆ ಅಂತ ಗುರುತಿಸುವುದು ಹೇಗೆ? ಹಣದುಬ್ಬರಕ್ಕೆ ತಕ್ಕಂತೆ ಹೊಂದಿಕೊಳ್ಳುವ ಸರ್ಕಾರಿ ಬಾಂಡ್‌ಗಳೂ ಇವೆ. ಅವುಗಳ ಯೀಲ್ಡಿನ ಗೆರೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. 2022ರಲ್ಲಿ ಅದು ಸೊನ್ನೆಗಿಂತ ಕೆಳಗಿದ್ದದ್ದು ಒಂದೂವರೆ ದಾಟಿತ್ತು. ಆ ಗೆರೆ ಅಷ್ಟು ಕಡಿದಾಗಿ ಏರುತ್ತಾ ಷೇರು ಇಳಿಯುತ್ತಿದ್ದರೆ, ಯೀಲ್ಡಿನ ಏರಿಕೆಯನ್ನು ಧೈರ್ಯದ ಗುರುತು ಅಂತ ಓದಬೇಡಿ.

ನಮಸ್ಕಾರ.