ಮೊದಲ 2 ಕಿಲೋಮೀಟರ್‌ನಲ್ಲೇ ತಪ್ಪಿದ ಲೆಕ್ಕ: ತುಮಕೂರಿನಲ್ಲಿ ನನ್ನ ಮೊದಲ 10 ಕಿಲೋಮೀಟರ್ ಓಟ

ಬೆಳಗ್ಗೆ ಆರು ಗಂಟೆ. ಬಿ.ಎಚ್. ರಸ್ತೆ ಇಷ್ಟು ಖಾಲಿ ಇರೋದನ್ನ ನಾನು ಯಾವತ್ತೂ ನೋಡಿರಲಿಲ್ಲ. ಕ್ಯಾತ್ಸಂದ್ರದ ಕಡೆಗೆ 5 ಕಿಲೋಮೀಟರ್ ಹೋಗಬೇಕು, ಅದೇ ದಾರಿಯಲ್ಲಿ ವಾಪಸ್ ಬರಬೇಕು. ನೋಡಿ, ಎಲ್ಲರಿಗಿಂತ ಮುಂದಿನ ಸಾಲಲ್ಲಿ ನಿಂತಿರೋದು ನಾನೇ. ಮೊದಲ ತಪ್ಪು ಅಲ್ಲೇ ಆಯಿತು.

ನನ್ನ ಗುರಿ 65 ನಿಮಿಷ. ಅಂದರೆ ಕಿಲೋಮೀಟರಿಗೆ ಆರೂವರೆ ನಿಮಿಷ. ಇದನ್ನ ಸುಮ್ನೆ ಅಂದಾಜಿನಲ್ಲಿ ಇಟ್ಟುಕೊಂಡಿದ್ದಲ್ಲ. ಅಮಾನಿಕೆರೆ ಸುತ್ತ ಓಡುವಾಗ ಜೀವ ಬಿಟ್ಟು ಓಡಿದರೆ 5 ಕಿಲೋಮೀಟರಿಗೆ 30 ನಿಮಿಷ ಬೇಕಾಗುತ್ತಿತ್ತು. ದೂರ ಎರಡರಷ್ಟಾದರೆ ಸಮಯ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಓಟಗಾರರು ಸಾಮಾನ್ಯವಾಗಿ ಹಾಕುವ ಲೆಕ್ಕದ ಪ್ರಕಾರ ನನಗೆ ಸುಮಾರು ಅರವತ್ತೆರಡೂವರೆ ನಿಮಿಷ ಬರುತ್ತಿತ್ತು. ಮೊದಲ ಸಲ ಅಲ್ವಾ, ಅದಕ್ಕೇ ಇನ್ನೆರಡೂವರೆ ನಿಮಿಷ ಸೇರಿಸಿಕೊಂಡಿದ್ದೆ.

ಓಟ ಶುರುವಾಯಿತು. ಸುತ್ತ ಇದ್ದವರೆಲ್ಲ ಬಾಣದ ಹಾಗೆ ಹೊರಟರು. ನಾನೂ ಅವರ ಜೊತೆಗೇ ಹೊರಟೆ. ಕಾಲು ಹಗುರ, ಉಸಿರು ಸಲೀಸು, ಮೈಯಲ್ಲಿ ಚಳಿ. ಕಷ್ಟ ಅಂತ ಒಂಚೂರೂ ಅನ್ನಿಸಲಿಲ್ಲ. ಫೋನಿನ ಆ್ಯಪ್ ಕಿಲೋಮೀಟರಿಗೆ ಒಂದು ಸಲ ವೇಗ ಹೇಳುತ್ತದೆ. ಅದು ಬಾಯಿ ಬಿಟ್ಟಾಗ ಹೇಳಿದ್ದು 5 ನಿಮಿಷ 32 ಸೆಕೆಂಡ್. ಆದರೆ ಅಷ್ಟು ಹೊತ್ತಿಗೆ ಆ ಕಿಲೋಮೀಟರ್ ಮುಗಿದೇ ಹೋಗಿತ್ತು.

ನಿಧಾನ ಮಾಡಬೇಕಿತ್ತು. ಮಾಡಲಿಲ್ಲ. ‘ಉಳಿಸಿದ ಸಮಯ ಆಮೇಲೆ ಉಪಯೋಗಕ್ಕೆ ಬರುತ್ತೆ’ ಅಂದುಕೊಂಡೆ. ಎರಡನೇ ಕಿಲೋಮೀಟರ್ 5:48. ಇಲ್ಲಿ ಒಂದು ವಿಷಯ ಗಮನಿಸಿ. ನನ್ನ 5 ಕಿಲೋಮೀಟರಿನ ಅತಿ ಜೋರಾದ ಓಟವೇ ಕಿಲೋಮೀಟರಿಗೆ 6 ನಿಮಿಷದ್ದು. ಅದಕ್ಕಿಂತ ಜೋರಾಗಿ ನಾನು 10 ಕಿಲೋಮೀಟರ್ ಶುರು ಮಾಡಿದ್ದೆ! ಆ ವೇಗದಲ್ಲಿ ಆಮ್ಲಜನಕ ಸಾಕಾಗುವುದಿಲ್ಲ. ದೇಹ ಸುಧಾರಿಸಿಕೊಳ್ಳುವುದಕ್ಕಿಂತ ಬೇಗ ಸ್ನಾಯುಗಳಲ್ಲಿ ದಣಿವು ಸೇರುತ್ತಾ ಹೋಗುತ್ತದೆ. ಆದರೆ ಅದು ಗೊತ್ತಾಗೋದು ತಡವಾಗಿ. ಮೊದಲ ಕೆಲವು ನಿಮಿಷ ಮೈ ಏನೂ ಹೇಳುವುದಿಲ್ಲ.

ನನಗೆ ಗೊತ್ತಾಗಿದ್ದು ನಾಲ್ಕನೇ ಕಿಲೋಮೀಟರಿನಲ್ಲಿ. ಪಕ್ಕದಲ್ಲಿದ್ದ ಹುಡುಗ ‘ಎಷ್ಟು ಟೈಮಿಗೆ ಮುಗಿಸ್ತೀರಾ?’ ಅಂತ ಕೇಳಿದ. ‘ಅರವತ್ತೈದು’ ಅಂದೆ, ಅಷ್ಟೇ. ‘ನಿಮಿಷ’ ಅನ್ನೋಕೆ ಉಸಿರಿರಲಿಲ್ಲ. 10 ಕಿಲೋಮೀಟರ್ ಓಟದ ಮೊದಲ ಭಾಗದಲ್ಲಿ ಒಂದು ಪೂರ್ತಿ ವಾಕ್ಯ ಹೇಳೋಕೆ ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತಲೇ ಅರ್ಥ. ವಾಚು, ಫೋನು ಯಾವುದೂ ಬೇಡ.

ಅರ್ಧ ದಾರಿ ಮುಟ್ಟಿದಾಗ 30 ನಿಮಿಷ 50 ಸೆಕೆಂಡ್. ಗುರಿಗಿಂತ 1 ನಿಮಿಷ 40 ಸೆಕೆಂಡ್ ಮುಂದಿದ್ದೆನಲ್ಲ ಅಂತ ನೀವು ಕೇಳಬಹುದು. ಆದರೆ ಆಗಲೇ ತೊಡೆ ಕಲ್ಲಾಗಿತ್ತು. ಏಳನೇ ಕಿಲೋಮೀಟರಿಗೆ 7:40, ಎಂಟನೆಯದಕ್ಕೆ 8:10. ಅಷ್ಟು ಹೊತ್ತಿಗೆ ನಾನು ನಡೀತಾ ಇದ್ದೆ. ಶುರುವಿನಲ್ಲಿ ನಾನು ಹಿಂದೆ ಹಾಕಿದ್ದ ಹಿರಿಯರೊಬ್ಬರು, ವಯಸ್ಸು ಅರವತ್ತರ ಹತ್ತಿರ ಇರಬಹುದು, ಅದೇ ವೇಗದಲ್ಲಿ ಬಂದು ನನ್ನನ್ನ ದಾಟಿದರು. ದಾಟುವಾಗ ‘ಹೆಜ್ಜೆ ಚಿಕ್ಕದು ಮಾಡು ತಮ್ಮಾ, ನಿಲ್ಲಬೇಡ’ ಅಂದರು. ಹಾಗೇ ಮಾಡಿದೆ. ಹತ್ತನೇ ಕಿಲೋಮೀಟರನ್ನ 6:50ರಲ್ಲಿ ಓಡಿದೆ. ಆ ಮಾತಿಗೆ ನಾನು ಋಣಿ.

ಮುಗಿದಾಗ 1 ಗಂಟೆ 8 ನಿಮಿಷ 10 ಸೆಕೆಂಡ್. ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲ ಮೂರು ಕಿಲೋಮೀಟರಿನಲ್ಲಿ ಉಳಿಸಿದ್ದು ಹೆಚ್ಚುಕಮ್ಮಿ ಎರಡು ನಿಮಿಷ. ಕೊನೆಯ ಆರರಲ್ಲಿ ಕಳೆದುಕೊಂಡಿದ್ದು ಐದು ನಿಮಿಷಕ್ಕೂ ಜಾಸ್ತಿ.

ಮುಂದಿನ ಸಲ ಮಧ್ಯದ ಸಾಲಲ್ಲಿ ನಿಲ್ಲುತ್ತೇನೆ. ಮೊದಲ ಎರಡು ಕಿಲೋಮೀಟರ್ ತಲಾ 6:45ರಲ್ಲಿ, ನಿಧಾನ ಅನ್ನಿಸಿದರೂ ಸರಿ. ಆಮೇಲಿನ ಐದು 6:30ರಲ್ಲಿ. ಕೊನೆಯ ಮೂರಕ್ಕೆ 6:20 ಸಾಕು, ಕೂಡಿದರೆ ಸರಿಯಾಗಿ 65 ನಿಮಿಷ. ಆ್ಯಪ್ ಹೇಳೋವರೆಗೂ ಕಾಯೋದಿಲ್ಲ. 500 ಮೀಟರ್ ಎಲ್ಲಿ ಬರುತ್ತೆ ಅಂತ ಮೊದಲೇ ಗುರುತು ಮಾಡಿಕೊಂಡು, ಅಲ್ಲೇ ವಾಚ್ ನೋಡುತ್ತೇನೆ. 3 ನಿಮಿಷ 20 ಸೆಕೆಂಡಿಗಿಂತ ಮೊದಲು ಅಲ್ಲಿಗೆ ಮುಟ್ಟಿದರೆ ತಕ್ಷಣ ನಿಧಾನ.

ಈಗ ವಾರಕ್ಕೊಂದು ದಿನ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿಗೆ ಹೋಗುತ್ತಿದ್ದೇನೆ. ಆರೂವರೆ ನಿಮಿಷದ ವೇಗಕ್ಕೆ ಒಂದು ಸುತ್ತಿಗೆ 2 ನಿಮಿಷ 36 ಸೆಕೆಂಡ್ ಬರಬೇಕು. ವಾಚ್ ಅಕ್ಕನ ಮಗನ ಕೈಯಲ್ಲಿ. ನಾನು ಬರೀ ಉಸಿರು ಕೇಳಿಕೊಂಡು ಓಡುತ್ತೇನೆ, ಸುತ್ತು ಮುಗಿದ ಮೇಲೆ ಅವನು ಕೂಗಿ ಹೇಳುತ್ತಾನೆ. ಇವತ್ತು ಮೊದಲ ಸುತ್ತು 2:27. ಎರಡನೆಯದು 2:33. ಮೂರನೆಯದಕ್ಕೆ ಅವನು ಕೂಗಿದ್ದು ಕೇಳಿಸಿಕೊಳ್ಳಿ: ‘ಎರಡು ಮೂವತ್ತಾರು, ಮಾಮಾ!’