ಗೋಡೆಯ ಮೇಲೆ ಓಡುವ ಬೆಳಕು

ಸ್ನೇಹಿತರೆ, ಮಕ್ಕಳೆ,

ದೀಪಸ್ತಂಭದ ಬೆಳಕು ತೀರದ ಉದ್ದಕ್ಕೂ ಎಷ್ಟು ವೇಗವಾಗಿ ಓಡುತ್ತದೆ ಎಂಬ ಲೆಕ್ಕ ನಿಮ್ಮ ಅಭ್ಯಾಸದಲ್ಲಿ ಬಂದೇ ಬರುತ್ತದೆ. ಉಡುಪಿ ಕಡೆಯ ಮಕ್ಕಳಾದರೆ ಕಾಪು ದೀಪಸ್ತಂಭವನ್ನು ಹೋಗಿ ನೋಡಿಬಿಡುತ್ತಾರೆ. ಕೋಲಾರದವರಾದ ನಮಗೆ ಸಮುದ್ರ ದೂರ. ಆದರೆ ಅದೇ ಲೆಕ್ಕ ನನಗೆ ಒಂದು ರಾತ್ರಿ ಇಲ್ಲಿಯ ಟೊಮೆಟೊ ಮಾರುಕಟ್ಟೆಯಲ್ಲೇ ಸಿಕ್ಕಿತು. ಕೆಟ್ಟು ನಿಂತ ಲಾರಿಯನ್ನು ಎಳೆಯಲು ಒಂದು ಗಾಡಿ ಬಂದಿತ್ತು. ಅದರ ತಲೆಯ ಮೇಲೆ ಸುತ್ತುವ ಕಿತ್ತಳೆ ದೀಪ, ಪಕ್ಕದಲ್ಲಿ ಉದ್ದನೆಯ ಗೋದಾಮಿನ ಗೋಡೆ. ದೀಪ ಒಂದೇ ಸಮನೆ ಸುತ್ತುತ್ತಿತ್ತು. ಗೋಡೆಯ ಮೇಲಿನ ಬೆಳಕು ಮಾತ್ರ ಹಾಗಿರಲಿಲ್ಲ. ಗಾಡಿಯ ಎದುರಿಗೆ ಕಣ್ಣಿಗೆ ಸಿಗುವಂತೆ ಹೋಗುತ್ತಿತ್ತು, ಗೋಡೆಯ ತುದಿಯತ್ತ ಹೋದಂತೆ ಸರಕ್ಕನೆ ಜಾರಿ ಮಾಯವಾಗುತ್ತಿತ್ತು.

ಇವತ್ತು ಆ ಗೋಡೆಯೊಂದೇ ನಮಗೆ ಸಾಕು.

ದೀಪದಿಂದ ಗೋಡೆಗೆ 5 ಮೀಟರ್, ಒಂದು ಸುತ್ತಿಗೆ 2 ಸೆಕೆಂಡ್ ಎಂದುಕೊಳ್ಳೋಣ. ದೀಪದ ನೇರ ಎದುರಿಗೆ ಗೋಡೆಯ ಮೇಲೆ ಒಂದು ಸೀಮೆಸುಣ್ಣದ ಗುರುತು ಹಾಕಿ. ಗುರುತಿನಿಂದ ಬೆಳಕಿಗಿರುವ ದೂರ x. ದೀಪದಿಂದ ಗುರುತಿಗೆ ಎಳೆದ ಗೆರೆಗೂ ಬೆಳಕಿನ ಗೆರೆಗೂ ನಡುವಿನ ಕೋನ θ. ಆಗ

x = 5 tan θ

ಎರಡೂ ಬದಿಯನ್ನು ಕಾಲದ ಮೇಲೆ ಅವಕಲಿಸಿದರೆ

dx/dt = 5 sec²θ · dθ/dt

ಒಂದು ಸುತ್ತು ಎಂದರೆ 2π ರೇಡಿಯನ್. ಅದಕ್ಕೆ 2 ಸೆಕೆಂಡ್ ಬೇಕಾದ್ದರಿಂದ dθ/dt ಎಂದರೆ π, ಸುಮಾರು 3.14. ಗುರುತಿನ ಬಳಿ sec²θ ಒಂದು, ಹಾಗಾಗಿ ವೇಗ ಸೆಕೆಂಡಿಗೆ 15.7 ಮೀಟರ್. 45 ಡಿಗ್ರಿಯಲ್ಲಿ ಅದರ ಎರಡರಷ್ಟು, 31.4. 60 ಡಿಗ್ರಿಯಲ್ಲಿ ನಾಲ್ಕರಷ್ಟು, 62.8. ಕೋನ 80 ಡಿಗ್ರಿಯಾದಾಗ ಬೆಳಕು ಗುರುತಿನಿಂದ 28 ಮೀಟರ್ ದೂರದಲ್ಲಿರುತ್ತದೆ, ಅಲ್ಲಿ ವೇಗ 520 ದಾಟುತ್ತದೆ. ಎಳೆಯುವ ಗಾಡಿಯ ದೀಪ ಗೋದಾಮಿನ ಗೋಡೆಯ ಮೇಲೆ ಸದ್ದನ್ನೂ ಹಿಂದೆ ಹಾಕುತ್ತದೆ!

ಸೂತ್ರ ಬಂತು. ಆದರೆ sec ಎರಡು ಸಲ ಯಾಕೆ ಬಂತು? ಇದನ್ನು ತಿಳಿಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲ ಸಲ ಬಂದದ್ದು ದೂರದಿಂದ. ಕೋನ ಹೆಚ್ಚಿದಂತೆ ದೀಪದಿಂದ ಗೋಡೆಗೆ ಬೆಳಕಿನ ದಾರಿ ಉದ್ದವಾಗುತ್ತದೆ, 5 sec θ ಆಗುತ್ತದೆ. ಉದ್ದ ಕೋಲಿನ ತುದಿ ಗಿಡ್ಡ ಕೋಲಿನ ತುದಿಗಿಂತ ಬೇಗ ಬೀಸುತ್ತದಲ್ಲ, ಹಾಗೆ. ಎರಡನೆಯದು ಬಂದದ್ದು ಓರೆಯಿಂದ. ಸೌತೆಕಾಯಿಯನ್ನು ನೇರ ಹೆಚ್ಚಿದರೆ ದುಂಡು ಬಿಲ್ಲೆ, ಓರೆಯಾಗಿ ಹೆಚ್ಚಿದರೆ ಉದ್ದ ಬಿಲ್ಲೆ. ಕಾಯಿಯ ದಪ್ಪ ಬದಲಾಗಿಲ್ಲ, ಕತ್ತಿಯ ಓರೆಯೇ ಬಿಲ್ಲೆಯನ್ನು ಉದ್ದ ಮಾಡಿತು. ಗೋಡೆಯೂ ಬೆಳಕಿನ ಗೆರೆಯನ್ನು ಹೀಗೇ ಓರೆಯಾಗಿ ಕತ್ತರಿಸುತ್ತದೆ. ಬೆಳಕು ಅಡ್ಡಕ್ಕೆ ಒಂದು ಗೇಣು ಸರಿದರೆ ಗೋಡೆಯ ಮೇಲೆ sec θ ಗೇಣು ಸರಿದಿರುತ್ತದೆ. ಎರಡೂ ಸೇರಿ sec²θ.

ಉತ್ತರ ಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಎರಡು. 60 ಡಿಗ್ರಿಯನ್ನು ಮೊದಲೇ ಹಾಕಿಬಿಟ್ಟರೆ x ಎಂಬುದು 8.66 ಎಂಬ ಕದಲದ ಸಂಖ್ಯೆಯಾಗಿ, ಅವಕಲಿಸಿದಾಗ ಸೊನ್ನೆ ಬರುತ್ತದೆ. ಓಡುತ್ತಿರುವ ಬೆಳಕಿಗೆ ವೇಗ ಸೊನ್ನೆ ಬಂದರೆ ಅಲ್ಲೇ ತಿಳಿಯಬೇಕು. ಎರಡನೆಯ ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ: dθ/dt ಜಾಗದಲ್ಲಿ ಸೆಕೆಂಡಿಗೆ 180 ಡಿಗ್ರಿ ಎಂದು ಹಾಕುವುದು. ಗುರುತಿನ ಬಳಿಯೇ 900 ಮೀಟರ್ ಬರುತ್ತದೆ. tan θ ದ ಅವಕಲನ sec²θ ಆಗುವುದು ಕೋನ ರೇಡಿಯನ್‌ನಲ್ಲಿದ್ದಾಗ ಮಾತ್ರ.

ಇದನ್ನು ಹಿಡಿಯಲು ಅವಕಲನವೇ ಬೇಡ. ಗುರುತಿನಿಂದ 45 ಡಿಗ್ರಿಗೆ ತಿರುಗಲು ದೀಪಕ್ಕೆ ಕಾಲು ಸೆಕೆಂಡ್ ಸಾಕು, ಅಷ್ಟರಲ್ಲಿ ಬೆಳಕು ಸರಿದದ್ದು 5 ಮೀಟರ್. ಸರಾಸರಿ ಸೆಕೆಂಡಿಗೆ 20 ಮೀಟರ್. ನಮ್ಮ 15.7ಕ್ಕೂ 31.4ಕ್ಕೂ ನಡುವೆ ಅದು ಸರಿಯಾಗಿ ಕೂರುತ್ತದೆ, 900ರ ಹತ್ತಿರವೂ ಸುಳಿಯುವುದಿಲ್ಲ.

ಕೋನ 90 ಆದರೆ ವೇಗ ಅನಂತವೇ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. 90ರಲ್ಲಿ ಬೆಳಕು ಗೋಡೆಗೆ ಸಮಾನಾಂತರ, ಗೋಡೆಯನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ? ನಮ್ಮ ಸೂತ್ರದ ಪ್ರಕಾರ ಗೋಡೆ 22 ಕಿಲೋಮೀಟರ್ ಉದ್ದವಿದ್ದು ಬಂಗಾರಪೇಟೆಯನ್ನೂ ದಾಟಿ ಹೋದರೆ, ಅದರ ತುದಿಯಲ್ಲಿ ವೇಗ ಬೆಳಕಿನ ವೇಗಕ್ಕೇ ಸಮನಾಗುತ್ತದೆ. ಸೂತ್ರ ಸೋಲುವುದು ಇಲ್ಲಿ. ದೀಪದಿಂದ ಗೋಡೆಗೆ ಬೆಳಕು ಹೋಗಲು ಹೊತ್ತೇ ಬೇಡ ಎಂದು ನಾವು ಹೇಳದೆಯೇ ಒಪ್ಪಿಕೊಂಡಿದ್ದೆವು. ಆ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ, ಗುರುತಿನಿಂದ ದೂರ ಓಡುವ ಈ ಬೆಳಕಿನ ವೇಗ ಏರುತ್ತಾ ಏರುತ್ತಾ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಹತ್ತಿರಕ್ಕೆ ಹೋಗುತ್ತದೆ, ಅದನ್ನು ಮೀರುವುದಿಲ್ಲ. 28 ಮೀಟರಿನ ಗೋದಾಮಿನ ಗೋಡೆಗೆ ಆ ತಿದ್ದುಪಡಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು.