ತೋಟದ ರೈಟರ್ ಹುದ್ದೆಯ ಜಾಹೀರಾತನ್ನು ಇಂಗ್ಲಿಷಿಗೆ ತರುವಾಗ

ಮಾನ್ಯರೇ,

ಚಿಕ್ಕಮಗಳೂರಿನಲ್ಲಿ ಅನುವಾದದ ಕೆಲಸ ಮಾಡುವವರ ಬಳಿಗೆ ಕಾಫಿ ತೋಟಗಳ ಉದ್ಯೋಗ ಜಾಹೀರಾತುಗಳು ಬರುವುದು ಸಾಮಾನ್ಯ. ಈ ಹೊತ್ತಿನ ಮಾತಿಗೆ ಅಂಥ ಜಾಹೀರಾತುಗಳ ಧಾಟಿಯಲ್ಲೇ ನಾನು ಸಿದ್ಧಪಡಿಸಿದ ಒಂದನ್ನು ಇಟ್ಟುಕೊಂಡಿದ್ದೇನೆ. ಅದು ಹೀಗಿದೆ: "ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಕ್ಕೆ ಹಿರಿಯ ರೈಟರ್ ಬೇಕಾಗಿದ್ದಾರೆ. ಚೆಕ್‌ರೋಲ್ ಬರೆಯುವುದು, ಮರಗಸಿ ಮಾಡಿಸುವುದು, ಗೊಬ್ಬರ ಹಾಕಿಸುವುದು, ಆಳುಗಳನ್ನು ಮತ್ತು ವಾರದ ಬಟವಾಡೆಯನ್ನು ನೋಡಿಕೊಳ್ಳುವುದು, ಕೊಯ್ಲಿನ ಕಾಲದಲ್ಲಿ ಕಣದ ಉಸ್ತುವಾರಿ. ಅನುಭವ ಇದ್ದವರಿಗೆ ಆದ್ಯತೆ. ವಸತಿ ಉಂಟು." ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆದು ಕೆಲಸದ ಮೇಲ್ವಿಚಾರಣೆ ಮಾಡುವವರು, ಚೆಕ್‌ರೋಲ್ ಎಂದರೆ ಆ ಹಾಜರಿಯ ಪುಸ್ತಕ. ತೋಟದ ಕೆಲಸ ಗೊತ್ತಿರುವವರಿಗೆ ಇದರಲ್ಲಿ ಅಸ್ಪಷ್ಟವಾದದ್ದು ಹೆಚ್ಚೇನೂ ಇಲ್ಲ. ಇಂಗ್ಲಿಷಿಗೆ ತರುವಾಗ ಮಾತ್ರ ಈ ಮನುಷ್ಯ ಯಾರ ಮೇಲೆ, ಯಾರ ಕೆಳಗೆ ಎಂಬುದು ಪ್ರತಿ ಪದದಲ್ಲೂ ಏರುಪೇರಾಗುತ್ತದೆ.

ಶೀರ್ಷಿಕೆಯನ್ನು ಸದ್ಯಕ್ಕೆ ಬದಿಗಿಟ್ಟು ಕ್ರಿಯಾಪದಗಳಿಂದ ಆರಂಭಿಸೋಣ, ಏಕೆಂದರೆ ಹುದ್ದೆಯ ಎತ್ತರ ನಿಜವಾಗಿ ಗೊತ್ತಾಗುವುದು ಅಲ್ಲಿ. "ಗೊಬ್ಬರ ಹಾಕುವುದು" ಆಳಿನ ಕೆಲಸ, "ಗೊಬ್ಬರ ಹಾಕಿಸುವುದು" ರೈಟರನ ಕೆಲಸ. ಕನ್ನಡ ಈ ವ್ಯತ್ಯಾಸವನ್ನು ಒಂದು "ಇಸು" ಪ್ರತ್ಯಯದಲ್ಲಿ ಮುಗಿಸಿಬಿಡುತ್ತದೆ. ಅವಸರದ ಅನುವಾದದಲ್ಲಿ ಮೊದಲು ಉದುರುವುದೂ ಅದೇ. "ಅಪ್ಲೈ ಫರ್ಟಿಲೈಸರ್" ಎಂದು ಬರೆದರೆ ಮೇಲ್ವಿಚಾರಕನನ್ನು ಬುಟ್ಟಿ ಹೊತ್ತ ಆಳನ್ನಾಗಿ ಮಾಡಿದಂತಾಯಿತು. "ಸೂಪರ್‌ವೈಸ್" ಎಂಬ ಕ್ರಿಯಾಪದವನ್ನು ಮುಂದಿಟ್ಟು, ಗೊಬ್ಬರ ಹಾಕುವ ಕೆಲಸವನ್ನು ಅದರ ಕರ್ಮವಾಗಿಸಿದಾಗ ಮಾತ್ರ ಆ ಪ್ರತ್ಯಯದ ಅರ್ಥ ಇಂಗ್ಲಿಷಿಗೆ ದಾಟುತ್ತದೆ. "ಮರಗಸಿ ಮಾಡಿಸುವುದು" ಎಂಬಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ನಿಘಂಟಿನಲ್ಲಿ "ಕಸಿ" ಎಂದು ಹುಡುಕಿದವರಿಗೆ ಗ್ರಾಫ್ಟಿಂಗ್ ಎಂಬ ಪದ ಸಿಗುತ್ತದೆ. ಮಲೆನಾಡಿನ ತೋಟಗಳಲ್ಲಿ ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಕಡಿದು ಕಾಫಿ ಗಿಡಕ್ಕೆ ಬೇಕಾದಷ್ಟು ಬೆಳಕು ಬಿಡುವ ಕೆಲಸ. ಅದಕ್ಕೆ ತೋಟಗಾರಿಕೆಯ ಇಂಗ್ಲಿಷಿನಲ್ಲಿ "ಶೇಡ್ ಲಾಪಿಂಗ್" ಎಂಬ ಮಾತಿದೆ. ಹೀಗಾಗಿ "ಸೂಪರ್‌ವೈಸ್ ಶೇಡ್ ಲಾಪಿಂಗ್" ಎಂದರೆ ಕೆಲಸವೂ ಸರಿ, ಅಂತಸ್ತೂ ಸರಿ.

ಇದಕ್ಕಿಂತ ಹೆಚ್ಚು ತಲೆನೋವು ತರುವುದು "ನೋಡಿಕೊಳ್ಳುವುದು". ನಮ್ಮಲ್ಲಿ ದನಗಳಿಂದ ಹಿಡಿದು ಬ್ಯಾಂಕಿನ ವ್ಯವಹಾರದವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತೇವೆ. ಆ ಪದ ಅಧಿಕಾರದ ಅಳತೆಯನ್ನು ಹೇಳುವುದಿಲ್ಲ, ಇಂಗ್ಲಿಷಿನ ಉದ್ಯೋಗ ವಿವರಣೆ ಅದನ್ನು ಕೇಳದೆ ಬಿಡುವುದಿಲ್ಲ. "ಆಳುಗಳನ್ನು ನೋಡಿಕೊಳ್ಳುವುದು" ಎಂಬುದನ್ನು "ಮ್ಯಾನೇಜ್" ಎಂದು ಬರೆದರೆ, ಕೆಲಸಕ್ಕೆ ಸೇರಿಸಿಕೊಳ್ಳುವ, ಬಿಡಿಸುವ, ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಈ ಹುದ್ದೆಗಿದೆ ಎಂದು ಓದುಗ ತಿಳಿಯುತ್ತಾನೆ. ರೈಟರನಿಗೆ ಸಾಮಾನ್ಯವಾಗಿ ಅಷ್ಟು ಅಧಿಕಾರ ಇರುವುದಿಲ್ಲ. ಬೆಳಿಗ್ಗೆ ಹಾಜರಿ ಹಾಕಿ, ಯಾವ ಬ್ಲಾಕಿಗೆ ಎಷ್ಟು ಆಳು ಎಂದು ಹಂಚಿ, ಮೇಸ್ತ್ರಿಗಳ ಮೂಲಕ ಕೆಲಸ ತೆಗೆಸಿ, ಸಂಜೆ ಚೆಕ್‌ರೋಲಿನಲ್ಲಿ ಇಡೀ ದಿನವೋ ಅರ್ಧ ದಿನವೋ ಎಂದು ಗುರುತಿಸುವುದು ಆತನ ಕೆಲಸ. ಇದಕ್ಕೆ "ಅಲೊಕೇಟ್ ಅಂಡ್ ಸೂಪರ್‌ವೈಸ್" ಸಾಕು.

ಬಟವಾಡೆಯ ವಿಷಯವನ್ನು ಜಾಹೀರಾತಿನ ಪಠ್ಯದಿಂದಷ್ಟೇ ತೀರ್ಮಾನಿಸಲಾಗದು. ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ಪಟ್ಟಿ ಸಿದ್ಧಪಡಿಸುವುದು, ಅದಕ್ಕೆ ಮಂಜೂರಾತಿ ಕೊಡುವುದು, ಹಣ ಎಣಿಸಿ ಹಂಚುವುದು. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ "ಪ್ರಿಪೇರ್", "ಅಪ್ರೂವ್", "ಡಿಸ್ಬರ್ಸ್". ಜಾಹೀರಾತು ಕೊಟ್ಟವರಿಗೆ ಫೋನ್ ಮಾಡಿ, "ಸಾರ್, ಬಟವಾಡೆ ಪಟ್ಟಿಗೆ ಸಹಿ ಯಾರು ಹಾಕ್ತಾರೆ?" ಎಂದು ಕೇಳಬೇಕು. "ಸಹಿ ಮ್ಯಾನೇಜರದ್ದೇ ಕಣ್ರೀ, ಇವರು ಲೆಕ್ಕ ಮಾಡಿ ದುಡ್ಡು ಹಂಚ್ತಾರೆ ಅಷ್ಟೇ" ಎಂಬ ಉತ್ತರ ಬಂದರೆ "ಪ್ರಿಪೇರ್" ಮತ್ತು "ಡಿಸ್ಬರ್ಸ್" ಉಳಿಯುತ್ತವೆ, "ಅಪ್ರೂವ್" ಹೋಗುತ್ತದೆ. ಇದೇ ಕರೆಯಲ್ಲಿ ಇನ್ನೆರಡನ್ನು ಕೇಳಿಬಿಡುವುದು ಒಳ್ಳೆಯದು: ಇವರು ಯಾರಿಗೆ ವರದಿ ಕೊಡಬೇಕು, ಇವರ ಕೈಕೆಳಗೆ ಯಾರಿರುತ್ತಾರೆ. ಕಣದ ಉಸ್ತುವಾರಿಯೂ ಇಂಥದ್ದೇ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಸುಮಾರು ಶೇ. 10ಕ್ಕೆ ಇಳಿಯುವವರೆಗೆ ಒಣಗಿಸಿ, ಚೀಲ ಕಟ್ಟಿಸಿ, ಬೀಜದ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸುವವರೆಗಿನ ಹೊಣೆ ಪೂರ್ತಿ ಆತನದೇ ಆದರೆ "ರೆಸ್ಪಾನ್ಸಿಬಲ್ ಫಾರ್" ಎನ್ನಬಹುದು. ಮ್ಯಾನೇಜರ್ ನಿಂತು ಮಾಡಿಸುವಾಗ ಜೊತೆಗಿರುವುದಷ್ಟೇ ಆದರೆ "ಅಸಿಸ್ಟ್" ಎನ್ನುವುದೇ ಪ್ರಾಮಾಣಿಕ. ಮಳೆ ಬಂದು ಕಾಫಿ ನೆನೆದ ದಿನ ಯಾರನ್ನು ಕೇಳುತ್ತಾರೆ ಎಂಬುದರಲ್ಲಿ ಈ ಎರಡು ಪದಗಳ ಅಂತರವಿದೆ.

ಈಗ ಶೀರ್ಷಿಕೆಗೆ ಬರೋಣ. "ರೈಟರ್" ಎಂಬುದು ಇಂಗ್ಲಿಷ್ ಪದವೇ ಆದ್ದರಿಂದ ಹಾಗೆಯೇ ಬಿಡಬಹುದಲ್ಲ ಎನ್ನಿಸುತ್ತದೆ. ಓದುವವರು ಪ್ಲಾಂಟರುಗಳೇ ಆಗಿದ್ದರೆ ಬಿಡಬಹುದು. ಉದ್ಯೋಗದ ಜಾಲತಾಣಕ್ಕೆ ಹಾಕಿದರೆ ಅಲ್ಲಿ ಲೇಖನ ಬರೆಯುವವರು ಅರ್ಜಿ ಹಾಕುತ್ತಾರೆ. ಆಳುಗಳ ಮೇಲ್ವಿಚಾರಣೆ ಪ್ರಧಾನವಾದ ಈ ಹುದ್ದೆಗೆ "ಫೀಲ್ಡ್ ಸೂಪರ್‌ವೈಸರ್" ಹೊಂದುತ್ತದೆ. ಸ್ಥಳೀಯವಾಗಿ ರೈಟರ್ ಎನ್ನುತ್ತಾರೆಂದು ಮೊದಲ ಸಾಲಿನಲ್ಲಿ ತಿಳಿಸಿದರೆ ತೋಟದವರಿಗೂ ಗುರುತು ಸಿಗುತ್ತದೆ. ಆಫೀಸಿನಲ್ಲಿ ಕುಳಿತು ಲೆಕ್ಕ ಬರೆಯುವ ರೈಟರ್ ಆದರೆ "ಎಸ್ಟೇಟ್ ಕ್ಲರ್ಕ್" ಎನ್ನಬೇಕಾಗುತ್ತದೆ. ಆತನ ಕೈಕೆಳಗಿನ ಮೇಸ್ತ್ರಿ "ಗ್ಯಾಂಗ್ ಲೀಡರ್". ಗಾರೆ ಮೇಸ್ತ್ರಿಯ "ಮೇಸನ್" ಅಲ್ಲ.

"ಹಿರಿಯ" ಎಂಬ ವಿಶೇಷಣ ಉಳಿಯಿತು. ತೋಟದಲ್ಲಿ ಹಲವು ರೈಟರುಗಳಿದ್ದು, ಅವರ ಮೇಲಿನ ದರ್ಜೆ ಇದಾದರೆ "ಸೀನಿಯರ್" ಬೇಕೇ ಬೇಕು. ಇರುವುದೇ ಒಬ್ಬ ರೈಟರ್ ಆದರೆ, ಅನುಭವಿ ಬೇಕೆಂಬುದಷ್ಟೇ ಆ ಪದದ ಅರ್ಥ. ಆಗ ಅದನ್ನು ಶೀರ್ಷಿಕೆಯಿಂದ ತೆಗೆದು ಅರ್ಹತೆಯ ಸಾಲಿಗೆ ಇಳಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಸಂಬಳ ಹೆಚ್ಚಿಸದೆ ಹುದ್ದೆಯ ಹೆಸರನ್ನು ಮಾತ್ರ ಹಿಗ್ಗಿಸುವ ಚಾಳಿಗೆ ಅನುವಾದಕರು ಕೈಜೋಡಿಸಬೇಕಾಗಿಲ್ಲ. ಹಾಗೆಯೇ, "ಸಹಾಯಕ ವ್ಯವಸ್ಥಾಪಕ" ಬೇರೆ, "ವ್ಯವಸ್ಥಾಪಕರ ಸಹಾಯಕ" ಬೇರೆ. ಮೊದಲನೆಯದು "ಅಸಿಸ್ಟೆಂಟ್ ಮ್ಯಾನೇಜರ್" ಎಂಬ ಅಧಿಕಾರದ ಹುದ್ದೆ, ಎರಡನೆಯದು "ಅಸಿಸ್ಟೆಂಟ್ ಟು ದಿ ಮ್ಯಾನೇಜರ್".

ಸರ್ಕಾರಿ ಹುದ್ದೆಗಳಲ್ಲಿ ನಮಗೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ನಿಗದಿಯಾದ ಹೆಸರನ್ನೇ ಬಳಸಬೇಕು, ಅದು ಪದಕ್ಕೆ ಪದ ಹೊಂದದಿದ್ದರೂ ಸರಿಯೇ. ಜಿಲ್ಲಾಧಿಕಾರಿ ಇಂಗ್ಲಿಷಿನಲ್ಲಿ ಡೆಪ್ಯುಟಿ ಕಮಿಷನರ್, ಉಪವಿಭಾಗಾಧಿಕಾರಿ ಅಸಿಸ್ಟೆಂಟ್ ಕಮಿಷನರ್. "ಉಪ" ಕಂಡಲ್ಲೆಲ್ಲ "ಡೆಪ್ಯುಟಿ" ಎನ್ನುವವರು ಇಲ್ಲಿ ಇಬ್ಬರು ಅಧಿಕಾರಿಗಳನ್ನು ಅದಲುಬದಲು ಮಾಡಿಬಿಡುತ್ತಾರೆ. ಇಲಾಖೆಗಳ ನಿರ್ದೇಶಕರ ಸಾಲಿನಲ್ಲಿ ಸಹಾಯಕ, ಉಪ, ಜಂಟಿ, ಅಪರ ಎಂಬ ಏರುಕ್ರಮಕ್ಕೆ ಅಸಿಸ್ಟೆಂಟ್, ಡೆಪ್ಯುಟಿ, ಜಾಯಿಂಟ್, ಅಡಿಷನಲ್ ಎಂಬುದು ಸಲೀಸಾಗಿ ಹೊಂದುತ್ತದೆ.

ಕೊನೆಯ ಸಾಲುಗಳಲ್ಲಿ "ಆದ್ಯತೆ" ಒಂದನ್ನು ಎಚ್ಚರದಿಂದ ನೋಡಬೇಕು. ಅದು "ಪ್ರಿಫರ್ಡ್", "ರಿಕ್ವೈರ್ಡ್" ಅಲ್ಲ. "ರಿಕ್ವೈರ್ಡ್" ಎಂದು ಬರೆದರೆ, ಅನುಭವವಿಲ್ಲದಿದ್ದರೂ ತೋಟದ ಯಜಮಾನರು ಮಾತಾಡಿಸಲು ಸಿದ್ಧರಿದ್ದ ಹುಡುಗರು ಅರ್ಜಿಯನ್ನೇ ಹಾಕುವುದಿಲ್ಲ. ವಸತಿಯ ಸಾಲಿನಲ್ಲಿ ಮನೆ ಸಂಸಾರಕ್ಕೋ ಒಬ್ಬರಿಗೋ ಎಂದು ವಿಚಾರಿಸಿ ಸೇರಿಸಿದರೆ, ಮಕ್ಕಳನ್ನು ಮೂಡಿಗೆರೆಯ ಶಾಲೆಗೆ ಕಳುಹಿಸಬೇಕಾದವರು ಮತ್ತೆ ಫೋನ್ ಮಾಡಿ ಕೇಳುವುದು ತಪ್ಪುತ್ತದೆ.